ಶಾಲೆಗೆ ಹೋಗುವ ಮಗುವಿನ ಮೂಗು ಸದಾ ಸೋರುತ್ತಿದ್ದರೆ: ಪದೇ ಪದೇ ಬರುವ ನೆಗಡಿಯೇ, ಅಲರ್ಜಿಯೇ?

ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ 5ರಿಂದ 12 ವರ್ಷದ ಮಕ್ಕಳ ಬಗ್ಗೆ. ಕೈಗೂಸುಗಳ ಮೂಗು ಸೋರುವುದಕ್ಕೆ ಕಾರಣಗಳು ಬೇರೆ, ಇಲ್ಲಿ ಹೇಳಿದ್ದನ್ನು ಅವರಿಗೆ ಅನ್ವಯಿಸಬೇಡಿ.

ತಿಂಗಳುಗಟ್ಟಲೆ ನೆಗಡಿ ಬಿಟ್ಟೇ ಇಲ್ಲ. ಮೊದಲು ಏನನ್ನು ಗಮನಿಸಬೇಕು?

ಎರಡು ನೆಗಡಿಗಳ ನಡುವೆ ಮೂಗು ಪೂರ್ತಿ ಒಣಗಿರುವ ದಿನಗಳು ಇವೆಯೇ ಎಂಬುದನ್ನು. ಮಿಕ್ಕ ಗುರುತುಗಳೆಲ್ಲ ಇದರ ನಂತರ.

ವೈರಸ್‌ನಿಂದ ಬರುವ ನೆಗಡಿಗೆ ಒಂದು ಶುರು, ಒಂದು ಏರು, ಒಂದು ಇಳಿತ ಇರುತ್ತದೆ. ಗಂಟಲು ಕೆರೆಯುತ್ತದೆ, ಮೈ ಬೆಚ್ಚಗಾಗಬಹುದು, ಮಗು ಮಂಕಾಗುತ್ತದೆ, ಮೂಗಿನಿಂದ ನೀರು ಇಳಿಯತೊಡಗುತ್ತದೆ. ಎರಡನೇ ಮೂರನೇ ದಿನಕ್ಕೆ ಜೋರಾಗಿ, ಆಮೇಲೆ ಸಿಂಬಳ ಗಟ್ಟಿಯಾಗಿ, 7ರಿಂದ 10 ದಿನಗಳಲ್ಲಿ ಬಹುಪಾಲು ಇಳಿದುಹೋಗುತ್ತದೆ. ಕೆಮ್ಮು, ಸ್ವಲ್ಪ ಮೂಗುಕಟ್ಟು ಎರಡು ವಾರ ಎಳೆದರೂ ಆಶ್ಚರ್ಯವಿಲ್ಲ. ಅದು ಮುಗಿದ ಮೇಲೆ ಮುಂದಿನ ನೆಗಡಿ ಬರುವವರೆಗೆ ಮಗುವಿನ ಮೂಗು ಎಲ್ಲರ ಮೂಗಿನಂತೆಯೇ ಇರುತ್ತದೆ.

ಅಲರ್ಜಿಗೆ ಈ ಶುರು–ಮುಕ್ತಾಯವಿಲ್ಲ. ಅದರ ಏರಿಳಿತ ಒಂದೇ ದಿನದೊಳಗೆ ನಡೆಯುತ್ತದೆ: ಎದ್ದ ಕೂಡಲೇ ಜೋರು, ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗುವಷ್ಟು ಕಡಿಮೆ, ಮಲಗುವಾಗ ಮತ್ತೆ ಶುರು. ನಾಳೆಯೂ ಹಾಗೇ, ನಾಡಿದ್ದೂ ಹಾಗೇ. ವಾರಕ್ಕೆ 4 ದಿನಕ್ಕಿಂತ ಹೆಚ್ಚು, ಸತತ 4 ವಾರಕ್ಕಿಂತ ಹೆಚ್ಚು ಹೀಗೆ ನಡೆದರೆ ವೈದ್ಯರು ಅದನ್ನು ನಿರಂತರ ಅಲರ್ಜಿ ನೆಗಡಿ ಎಂಬ ಗುಂಪಿಗೆ ಸೇರಿಸುತ್ತಾರೆ. ಯಾವ ಒಂದು ವೈರಸ್ ನೆಗಡಿಯೂ ಅಷ್ಟು ದಿನ ಕೂರುವುದಿಲ್ಲ.

ಹಾಗಾದರೆ ವರ್ಷಕ್ಕೆ ಎಷ್ಟು ನೆಗಡಿ ಬಂದರೆ ಸಹಜ?

ಪೋಷಕರು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲು, ಹೊಸದಾಗಿ ಶಾಲೆಗೆ ಸೇರಿದ ವರ್ಷ ಇನ್ನೂ ಹೆಚ್ಚು. ನೆಗಡಿ ತರುವ ವೈರಸ್‌ಗಳು ನೂರಕ್ಕೂ ಹೆಚ್ಚು ಬಗೆಯವು. ಒಂದು ಬಂದು ಹೋದರೆ ಇನ್ನೊಂದಕ್ಕೆ ತಡೆ ಸಿಗುವುದಿಲ್ಲ.

ತೊಂದರೆ ಏನೆಂದರೆ ಈ ಎಂಟು ನೆಗಡಿಗಳು ವರ್ಷದುದ್ದಕ್ಕೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಋತು ಬದಲಾಗುವ ಮೂರು ನಾಲ್ಕು ತಿಂಗಳಲ್ಲಿ ಐದು ಬಂದು ಬೀಳಬಹುದು. ಒಂದೊಂದೂ ಹತ್ತು ಹನ್ನೆರಡು ದಿನ ಎಳೆದರೆ ಆ ಅವಧಿಯಲ್ಲಿ ಮೂಗು ಒಣಗಿದ ದಿನಗಳೇ ಕಡಿಮೆ. ಪೋಷಕರು 'ನೆಗಡಿ ನಿಂತೇ ಇಲ್ಲ' ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಆದರೆ ಅಂಥ ಮಗುವನ್ನು ಬೇಸಿಗೆ ರಜೆಯಲ್ಲಿ ನೋಡಿದರೆ ವಾರಗಟ್ಟಲೆ ಮೂಗು ಒರೆಸಬೇಕಾಗಿರುವುದಿಲ್ಲ. ಅಲರ್ಜಿಯ ಮಗುವಿಗೆ ಶಾಲೆಯ ರಜೆಯಿಂದ ರಜೆ ಸಿಗುವುದಿಲ್ಲ, ಅಲರ್ಜಿಯ ಮೂಲ ಶಾಲೆಯಲ್ಲೇ ಇದ್ದರೆ ಬಿಟ್ಟು.

ಸಿಂಬಳ ಹಳದಿ–ಹಸಿರು ಆದರೆ ನೆಗಡಿ, ನೀರಾದರೆ ಅಲರ್ಜಿ. ಸರಿಯೇ?

ಅರ್ಧ ಸರಿ. ಅಲರ್ಜಿಯಲ್ಲಿ ಇಳಿಯುವುದು ಬಹುಮಟ್ಟಿಗೆ ತಿಳಿನೀರೇ. ಆದರೆ ನೆಗಡಿಯ ಮೊದಲ ಎರಡು ದಿನವೂ ತಿಳಿನೀರೇ ಇಳಿಯುತ್ತದೆ. ಆಮೇಲೆ ಅದು ಗಟ್ಟಿಯಾಗಿ ಬಣ್ಣ ತಿರುಗುವುದು ವೈರಸ್ ವಿರುದ್ಧ ಬಂದು ಸೇರಿದ ಬಿಳಿ ರಕ್ತಕಣಗಳಿಂದ. ಹಸಿರು ಬಣ್ಣ ಕಂಡ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಎಂದೂ ಅಲ್ಲ, ಆಂಟಿಬಯಾಟಿಕ್ ಬೇಕು ಎಂದೂ ಅಲ್ಲ. ಒಂದು ದಿನದ ಕರವಸ್ತ್ರ ನೋಡಿ ಏನೂ ಹೇಳಲಾಗದು. ಬಣ್ಣ ದಿನದಿಂದ ದಿನಕ್ಕೆ ಬದಲಾಗುತ್ತಿದೆಯೇ ಅಥವಾ ಮೂರು ವಾರ ಕಳೆದರೂ ಅದೇ ತಿಳಿನೀರೇ ಎಂದು ನೋಡಿದರೆ ಉತ್ತರ ಸಿಗುತ್ತದೆ.

ನೆಗಡಿಯಲ್ಲೂ ಸೀನು ಬರುತ್ತದಲ್ಲ, ಹೇಗೆ ಬೇರೆ ಮಾಡುವುದು?

ಸೀನಿಗಿಂತ ತುರಿಕೆಯನ್ನು ಕೇಳಿ. ಅಲರ್ಜಿಯನ್ನು ನೆಗಡಿಯಿಂದ ಬೇರ್ಪಡಿಸುವ ಅತಿ ಒಳ್ಳೆಯ ಒಂಟಿ ಗುರುತು ತುರಿಕೆ ಎಂದೇ ನನ್ನ ಅಭಿಪ್ರಾಯ. ಅಲರ್ಜಿಯ ವಸ್ತು ಮೂಗಿನ ಒಳಪೊರೆಗೆ ತಾಗಿದಾಗ ಅಲ್ಲಿನ ಮಾಸ್ಟ್ ಎಂಬ ರಕ್ಷಣಾ ಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಹಿಸ್ಟಮಿನ್ ನರಗಳ ತುದಿಯನ್ನು ಕೆರಳಿಸುತ್ತದೆ, ಅದೇ ತುರಿಕೆ. ನೆಗಡಿಯಲ್ಲಿ ಮೂಗು ಉರಿಯುತ್ತದೆ, ಗಂಟಲು ನೋಯುತ್ತದೆ, ಆದರೆ ಕಣ್ಣು, ಮೂಗು, ಅಂಗುಳು ಒಟ್ಟಿಗೆ ತುರಿಸುವುದು ಅಪರೂಪ.

ಮಕ್ಕಳು 'ತುರಿಸುತ್ತೆ' ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ, ಮಾಡಿ ತೋರಿಸುತ್ತಾರೆ. ಅಂಗೈಯನ್ನು ಮೂಗಿನ ತುದಿಗಿಟ್ಟು ಮೇಲಕ್ಕೆ ಉಜ್ಜುತ್ತಾರೆ. ಮೂಗನ್ನು ಮೊಲದಂತೆ ಸಿಂಡರಿಸುತ್ತಾರೆ. ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ 'ಕ್ಲಕ್ ಕ್ಲಕ್' ಸದ್ದು ಮಾಡುತ್ತಾರೆ, ಅದನ್ನು ಚೇಷ್ಟೆ ಎಂದುಕೊಂಡು ಗದರಿದ ಪೋಷಕರು ಬಹಳ. ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾರೆ.

ಇನ್ನು ಸೀನಿನ ವಿಷಯ. ನೆಗಡಿಯಲ್ಲಿ ಸೀನು ಒಂದೋ ಎರಡೋ, ದಿನವಿಡೀ ಅಲ್ಲೊಂದು ಇಲ್ಲೊಂದು. ಅಲರ್ಜಿಯಲ್ಲಿ ಸಾಲುಸಾಲಾಗಿ ಐದು, ಎಂಟು, ಹತ್ತು. ಆಮೇಲೆ ನಿಂತು, ಮಗು ಏನೂ ಆಗಿಲ್ಲವೆಂಬಂತೆ ಆಟಕ್ಕೆ ಓಡುತ್ತದೆ.

ಜ್ವರ ಇದ್ದರೆ?

ಅಲರ್ಜಿಯಿಂದ ಜ್ವರ ಬರುವುದಿಲ್ಲ. ಮೈ ಬಿಸಿ ಎನಿಸಿದರೆ ಕೈಯಿಂದ ಮುಟ್ಟಿ ಅಂದಾಜು ಮಾಡದೆ ಥರ್ಮಾಮೀಟರ್ ಇಡಿ. 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದ್ದರೆ ಸೋಂಕು ಇದೆ ಎಂದೇ ಅರ್ಥ. ಅದರಿಂದ ಅಲರ್ಜಿ ಇಲ್ಲ ಎಂದು ಸಾಬೀತಾಗುವುದಿಲ್ಲ ಅಷ್ಟೆ.

ಮುಖ ನೋಡಿ ಅಲರ್ಜಿ ಎಂದು ಹೇಳಬಹುದಂತೆ, ನಿಜವೇ?

ಕೆಲವು ಗುರುತುಗಳಿವೆ. ಕಣ್ಣಿನ ಕೆಳಗೆ ನಿದ್ದೆಗೆಟ್ಟವರಂತೆ ಕಪ್ಪು ಛಾಯೆ: ಮೂಗಿನೊಳಗಿನ ಊತದಿಂದ ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ ಸಾಗುವುದರಿಂದ ಬರುತ್ತದೆ. ಕೆಳರೆಪ್ಪೆಯ ಅಡಿಯಲ್ಲಿ ಒಂದು ಹೆಚ್ಚುವರಿ ಮಡಿಕೆ. ಮೂಗಿನ ಮೆದುಭಾಗದ ಮೇಲೆ ಅಡ್ಡಲಾಗಿ ಒಂದು ಗೆರೆ, ಇದು ತಿಂಗಳುಗಟ್ಟಲೆ ಮೂಗನ್ನು ಮೇಲಕ್ಕೆ ಉಜ್ಜಿದ್ದರ ಫಲ, ಹಾಗಾಗಿ ಒಂದು ವಾರದ ನೆಗಡಿಯಿಂದ ಮೂಡುವಂಥದ್ದಲ್ಲ. ವೈದ್ಯರು ಟಾರ್ಚ್ ಬಿಟ್ಟು ನೋಡಿದರೆ ಅಲರ್ಜಿಯ ಮೂಗಿನ ಒಳಪೊರೆ ಹೆಚ್ಚಾಗಿ ಬಿಳಿಚಿಕೊಂಡು ಊದಿರುತ್ತದೆ, ನೆಗಡಿಯದು ಕೆಂಪಾಗಿರುತ್ತದೆ.

ಆದರೂ ಮುಖ ನೋಡಿ ತೀರ್ಮಾನಿಸಬೇಡಿ. ಕಣ್ಣಿನ ಕೆಳಗಿನ ಕಪ್ಪು ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಮೂಗಿನ ಗೆರೆ ಇಲ್ಲದ ಅಲರ್ಜಿಯ ಮಕ್ಕಳೂ ಬೇಕಾದಷ್ಟು. ಮುಖಕ್ಕಿಂತ ಮನೆತನದ ಚರಿತ್ರೆ ಹೆಚ್ಚು ಹೇಳುತ್ತದೆ: ತಂದೆ ತಾಯಿಗೆ ಅಲರ್ಜಿ, ಆಸ್ತಮಾ ಇದೆಯೇ? ಮಗುವಿಗೆ ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ ಇತ್ತೇ?

ದಿನಾ ಬರೆದಿಡಿ ಎಂದು ವೈದ್ಯರು ಹೇಳಿದ್ದಾರೆ. ಏನನ್ನು, ಹೇಗೆ ಬರೆಯಬೇಕು?

ನಾಲ್ಕು ವಾರ ಸಾಕು. ಒಂದು ಸಾಲಿನ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು. ಸೀನು, ತುರಿಕೆ, ಮೂಗು ಸೋರುವುದು, ಮೂಗು ಕಟ್ಟುವುದು, ಈ ನಾಲ್ಕಕ್ಕೂ 0ಯಿಂದ 3ರವರೆಗೆ ಅಂಕ: 0 ಎಂದರೆ ಇಲ್ಲ, 1 ಎಂದರೆ ಇದೆ ಆದರೆ ಮಗುವಿಗೆ ಲೆಕ್ಕಕ್ಕಿಲ್ಲ, 2 ಎಂದರೆ ಕಾಟ ಕೊಡುತ್ತಿದೆ, 3 ಎಂದರೆ ನಿದ್ದೆ ಅಥವಾ ಆಟ–ಪಾಠ ಕೆಟ್ಟಿದೆ. ಬೆಳಗಿನದು ಬೇರೆ, ಸಂಜೆಯದು ಬೇರೆ ಬರೆಯಿರಿ. ಕೊನೆಯಲ್ಲಿ ಒಂದು ಟಿಪ್ಪಣಿ: ಜ್ವರ, ಗಂಟಲು ನೋವು, ಮನೆಯಲ್ಲಿ ಬೇರೆ ಯಾರಿಗಾದರೂ ನೆಗಡಿ, ಮಗು ಎಲ್ಲಿ ಮಲಗಿತ್ತು. ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ, ಅದೇ ಹೆಚ್ಚು ಕೆಲಸಕ್ಕೆ ಬರುವುದು. ಹಿಸ್ಟಮಿನ್ ತಡೆಯುವ ಆಂಟಿಹಿಸ್ಟಮಿನ್ ಔಷಧ ಅಥವಾ ನೆಗಡಿಯ ಸಿರಪ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ, ಇಲ್ಲವಾದರೆ ಅಂಕ ಇಳಿದದ್ದು ಯಾತರಿಂದ ಎಂದು ಆಮೇಲೆ ತಿಳಿಯುವುದಿಲ್ಲ.

ಇಂಥ ದಿನಚರಿಯಿಂದ ಏನು ತಿಳಿಯುತ್ತದೆ? ಒಂದು ಉದಾಹರಣೆ ಕೊಡಿ.

ಎಂಟು ವರ್ಷದ ಒಬ್ಬ ಹುಡುಗಿ ಎಂದುಕೊಳ್ಳಿ. ಶಾಲೆ ಶುರುವಾದಾಗಿನಿಂದ ನೆಗಡಿ ಬಿಟ್ಟಿಲ್ಲ ಎಂಬುದು ದೂರು. ಎರಡು ಸಲ ಆಂಟಿಬಯಾಟಿಕ್ ಆಗಿದೆ. ತಾಯಿ ನಾಲ್ಕು ವಾರ ಬರೆದಿದ್ದಾರೆ.

ಮೊದಲ ವಾರ ಬೆಳಗಿನ ಸೀನು ದಿನವೂ 2 ಅಥವಾ 3, ತುರಿಕೆ 2. ಸಂಜೆ ಶಾಲೆಯಿಂದ ಬಂದಾಗ ಎರಡೂ 0 ಅಥವಾ 1. ಮಲಗುವಾಗ ಮೂಗುಕಟ್ಟು 2. ಜ್ವರವಿಲ್ಲ, ಆಟ, ಊಟ ಎಂದಿನಂತೆ.

ಎರಡನೇ ವಾರದ ಮಂಗಳವಾರ ಚಿತ್ರ ಬದಲಾಗುತ್ತದೆ. ಗಂಟಲು ನೋವು, 38.4 ಡಿಗ್ರಿ ಜ್ವರ, ಊಟ ಬೇಡ. ತಮ್ಮನಿಗೆ ಮೂರು ದಿನ ಮುಂಚೆ ಇದೇ ಆಗಿತ್ತು. ಮೂಗು ಸೋರುವುದು ಬೆಳಗ್ಗೆಯೂ 3, ಸಂಜೆಯೂ 3. ಗುರುವಾರಕ್ಕೆ ಜ್ವರ ಇಳಿಯಿತು, ಸಿಂಬಳ ಹಳದಿಯಾಯಿತು, ಮುಂದಿನ ಬುಧವಾರದ ಹೊತ್ತಿಗೆ ಗಟ್ಟಿ ಸಿಂಬಳ ಹೋಯಿತು. ಗಮನಿಸಿ, ಈ ದಿನಗಳಲ್ಲಿ ತುರಿಕೆಯ ಅಂಕ ಏರಲಿಲ್ಲ.

ನೆಗಡಿ ಮುಗಿದ ಮೇಲೆ ಅಂಕಗಳು ಸೊನ್ನೆಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ಮತ್ತೆ ಮೊದಲ ವಾರದ್ದೇ ಕತೆ: ಬೆಳಗ್ಗೆ 2, ಸಂಜೆ 0. ನಾಲ್ಕನೇ ವಾರದ ಕೊನೆಯಲ್ಲಿ ಹುಡುಗಿ ಎರಡು ರಾತ್ರಿ ನೆಂಟರ ಮನೆಯಲ್ಲಿ ಹೊಸ ಹಾಸಿಗೆಯ ಮೇಲೆ ಮಲಗಿದಳು. ಎರಡನೇ ಬೆಳಗ್ಗೆ ಸೀನು 0. ಇಡೀ ದಿನಚರಿಯಲ್ಲಿ ಬೆಳಗಿನ ಸಾಲಿನಲ್ಲಿ ಎಲ್ಲವೂ ಸೊನ್ನೆಯಾದ ದಿನ ಅದೊಂದೇ. ಮನೆಗೆ ಬಂದ ಮರುದಿನ ತಾಯಿ ಅವಳ ಹಾಸಿಗೆ ಕೊಡವಿದಾಗ ನಿಮಿಷಗಳಲ್ಲಿ ಸೀನಿನ ಸಾಲು ಶುರುವಾಯಿತು.

ಇದನ್ನು ಓದಿದರೆ ಹುಡುಗಿಗೆ ನಾಲ್ಕು ವಾರದಲ್ಲಿ ಬಂದದ್ದು ಒಂದೇ ನೆಗಡಿ. ಮಿಕ್ಕದ್ದೆಲ್ಲ ಅಲರ್ಜಿ, ಮೂಲ ಬಹುಶಃ ಹಾಸಿಗೆಯಲ್ಲಿರುವ ಧೂಳಿನ ನುಸಿ. ಮನೆಯವರ ನೆನಪಿನಲ್ಲಿ ಮಾತ್ರ ಅದು 'ಒಂದು ತಿಂಗಳ ನೆಗಡಿ'ಯಾಗಿ ಉಳಿದಿತ್ತು, ಏಕೆಂದರೆ ಜ್ವರ ಬಂದ ಆ ವಾರವೇ ಎಲ್ಲರ ನೆನಪಿನಲ್ಲಿ ಉಳಿಯುವುದು.

ಅಂದರೆ ಎರಡೂ ಒಟ್ಟಿಗೆ ಇರಬಹುದು?

ಇರಬಹುದು, ಹೆಚ್ಚಾಗಿ ಹಾಗೇ ಇರುತ್ತದೆ. ಅಲರ್ಜಿ ಇರುವ ಮಗುವಿಗೂ ಬೇರೆ ಮಕ್ಕಳಂತೆಯೇ ನೆಗಡಿ ಬರುತ್ತದೆ. ಮೂಗು ಮೊದಲೇ ಊದಿಕೊಂಡಿರುವುದರಿಂದ ಬಂದ ನೆಗಡಿ ಜೋರಾಗಿ ಕಾಣುತ್ತದೆ, ಬಿಡುವುದೂ ನಿಧಾನ. ಆದ್ದರಿಂದ 'ನೆಗಡಿಯೋ ಅಲರ್ಜಿಯೋ' ಎಂದು ಒಂದನ್ನು ಆರಿಸುವ ಬದಲು, ನೆಗಡಿ ಹೋದ ಮೇಲೆ ಏನು ಉಳಿಯುತ್ತದೆ ಎಂದು ಕೇಳುವುದು ಮೇಲು.

ಅಲರ್ಜಿ ಎಂದರೆ ಹೂವಿನ ಪರಾಗದ ಕಾಲದಲ್ಲಿ ಬರುವುದಲ್ಲವೇ? ನಮ್ಮ ಮಗುವಿಗೆ ವರ್ಷವಿಡೀ ಇದೆ.

ಪರಾಗದ ಅಲರ್ಜಿ ಋತುವಿಗೆ ತಕ್ಕಂತೆ ಬಂದು ಹೋಗುತ್ತದೆ. ವರ್ಷವಿಡೀ ಇರುವುದು ಮನೆಯೊಳಗಿನ ಮೂಲಗಳಿಂದ: ಧೂಳಿನ ನುಸಿ, ಜಿರಲೆ, ಬೆಕ್ಕು–ನಾಯಿಯ ಚರ್ಮದ ಹೊಟ್ಟು, ಗೋಡೆಯ ಬೂಷ್ಟು. ಇವುಗಳಲ್ಲಿ ನುಸಿಯದೇ ದೊಡ್ಡ ಪಾಲು. ಕಣ್ಣಿಗೆ ಕಾಣದ ಈ ಜೀವಿ ಹಾಸಿಗೆ, ದಿಂಬು, ಬಟ್ಟೆಯ ಗೊಂಬೆಗಳಲ್ಲಿ ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಹಿಕ್ಕೆಯ ಕಣ ಸ್ವಲ್ಪ ಭಾರ, ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುವುದಿಲ್ಲ. ದಿಂಬಿಗೆ ಮುಖವಿಟ್ಟು ಎಂಟು ಗಂಟೆ ಮಲಗುವ ಮಗುವಿನ ಮೂಗಿಗೇ ಅದು ಹೆಚ್ಚು ಸಿಗುತ್ತದೆ. ಬೆಳಗಿನ ಸೀನಿಗೆ ಇದೂ ಒಂದು ಕಾರಣ.

ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ತಣ್ಣೀರಿನಲ್ಲಿ ಸಾಯುವುದಿಲ್ಲ. ಹಾಸಿಗೆ, ದಿಂಬಿಗೆ ನುಸಿ ನುಸುಳದ ಒತ್ತು ನೇಯ್ಗೆಯ ಜಿಪ್ ಕವರು ಹಾಕಬಹುದು. ಆದರೆ ಕವರು ಒಂದನ್ನೇ ಹಾಕಿ ಕಾಯಿಲೆ ಹೋಗುತ್ತದೆಂದು ಕಾಯಬೇಡಿ, ಒಂದೇ ಕ್ರಮದಿಂದ ಹೆಚ್ಚು ಲಾಭ ಸಿಗುವುದಿಲ್ಲ. ಹಾಸಿಗೆ ಕೊಡವುವಾಗ ಮಗು ಆ ಕೋಣೆಯಲ್ಲಿ ಇರದಿರಲಿ.

ಅಲರ್ಜಿ ಪರೀಕ್ಷೆ ಮಾಡಿಸಲೇಬೇಕೇ?

ಎಲ್ಲರಿಗೂ ಬೇಕಿಲ್ಲ. ಲಕ್ಷಣಗಳು ಸ್ಪಷ್ಟವಾಗಿದ್ದು ಔಷಧಕ್ಕೆ ಒಳ್ಳೆಯ ಪರಿಣಾಮ ಸಿಕ್ಕರೆ ಪರೀಕ್ಷೆಯಿಲ್ಲದೆ ಮುಂದುವರಿಯಬಹುದು. ಸಂಶಯ ಉಳಿದಾಗ, ಔಷಧ ನಾಟದಿದ್ದಾಗ, ಅಥವಾ ಮೂಲ ಯಾವುದೆಂದು ಗೊತ್ತಾಗಲೇಬೇಕಾದಾಗ ಮಾಡಿಸುವುದು.

ಚರ್ಮದ ಚುಚ್ಚು ಪರೀಕ್ಷೆಯಲ್ಲಿ ಮುಂಗೈ ಮೇಲೆ ಒಂದೊಂದು ಅಲರ್ಜಿ ವಸ್ತುವಿನ ಹನಿ ಇಟ್ಟು, ಅದರ ಮೂಲಕ ಮೇಲ್ಚರ್ಮವನ್ನು ಸಣ್ಣಗೆ ಚುಚ್ಚುತ್ತಾರೆ. ಸಾಮಾನ್ಯವಾಗಿ ರಕ್ತ ಬರುವುದಿಲ್ಲ. 15ರಿಂದ 20 ನಿಮಿಷದ ನಂತರ 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಧೆ ಎದ್ದಿದ್ದರೆ ಪಾಸಿಟಿವ್. ಅದಕ್ಕೆ ಮುಂಚೆ ಸುಮಾರು ಒಂದು ವಾರ ಆಂಟಿಹಿಸ್ಟಮಿನ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಅಲರ್ಜಿ ಇದ್ದರೂ ಗಂಧೆ ಏಳುವುದಿಲ್ಲ. ಎಷ್ಟೋ ನೆಗಡಿ ಸಿರಪ್‌ಗಳಲ್ಲಿ ಆಂಟಿಹಿಸ್ಟಮಿನ್ ಬೆರೆತಿರುತ್ತದೆ, ಅದೂ ಲೆಕ್ಕಕ್ಕೆ. ನಿಲ್ಲಿಸಲಾಗದ ಮಕ್ಕಳಿಗೆ, ಚರ್ಮದ ಕಾಯಿಲೆ ಇರುವವರಿಗೆ ರಕ್ತದಲ್ಲಿ ಆಯಾ ವಸ್ತುವಿನ ವಿರುದ್ಧದ ಐಜಿಇ ಎಂಬ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಇದೆ. ಬರೀ ಒಟ್ಟು ಐಜಿಇ ಅಳೆಸಿ ತಂದರೆ ಪ್ರಯೋಜನ ಕಡಿಮೆ. ಹೊಟ್ಟೆಹುಳು ಇದ್ದರೂ ಅದು ಏರುತ್ತದೆ, ಅಲರ್ಜಿ ಇದ್ದೂ ಏರದಿರಬಹುದು.

ಪಾಸಿಟಿವ್ ಬಂದದ್ದೆಲ್ಲ ಕಾಯಿಲೆಯ ಕಾರಣವಲ್ಲ. ಮೇಲಿನ ಹುಡುಗಿಗೆ ಧೂಳಿನ ನುಸಿಗೆ 6 ಮಿಲಿಮೀಟರ್, ಬೆಕ್ಕಿಗೆ 4 ಮಿಲಿಮೀಟರ್ ಬಂತು ಎಂದುಕೊಳ್ಳಿ. ಗೆಳತಿಯ ಮನೆಯ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯೆಲ್ಲ ಆಡಿದರೂ ಅವಳಿಗೆ ಒಂದು ಸೀನೂ ಬರುವುದಿಲ್ಲ ಎಂದಾದರೆ ಬೆಕ್ಕಿನ ಗಂಧೆಯನ್ನು ಬದಿಗಿಡಬೇಕು. ವರದಿಯನ್ನು ದಿನಚರಿಯ ಪಕ್ಕದಲ್ಲಿಟ್ಟು ಓದಬೇಕು, ಒಂಟಿಯಾಗಿ ಅಲ್ಲ.

ಔಷಧ ಕೊಟ್ಟು, ಗುಣವಾದರೆ ಅಲರ್ಜಿ ಎಂದುಕೊಳ್ಳಬಹುದೇ?

ಸರಿಯಾದ ಔಷಧವನ್ನು ಸರಿಯಾದ ಹೊತ್ತಿಗೆ ಕೊಟ್ಟರೆ ಮಾತ್ರ. ಇಲ್ಲಿ ಮೋಸಹೋಗುವ ದಾರಿಗಳು ಎರಡು.

ಒಂದು, ನೆಗಡಿ ಶುರುವಾದ ಮೂರನೇ ದಿನಕ್ಕೆ ಔಷಧ ಶುರುಮಾಡಿ, ಎಂಟನೇ ದಿನಕ್ಕೆ ಗುಣವಾಯಿತು ಎನ್ನುವುದು. ಎಂಟನೇ ದಿನಕ್ಕೆ ಅದು ಹೇಗೂ ಗುಣವಾಗುತ್ತಿತ್ತು. ಇನ್ನೊಂದು, ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಆಂಟಿಹಿಸ್ಟಮಿನ್‌ಗಳು. ಅವು ಅಲರ್ಜಿ ಇಲ್ಲದ ಮೂಗನ್ನೂ ಒಂದಿಷ್ಟು ಒಣಗಿಸುತ್ತವೆ, ಬಾಯಿ ಒಣಗಿಸುವ ಹಾಗೆಯೇ. ಅದರಿಂದ ಮೂಗು ನಿಂತಿತೆಂದರೆ ಏನೂ ಸಾಬೀತಾಗಲಿಲ್ಲ. ಜೊತೆಗೆ ನಿದ್ದೆಗಣ್ಣು, ತರಗತಿಯಲ್ಲಿ ಮಂಕು. ಶಾಲೆಯ ಮಕ್ಕಳಿಗೆ ಅವು ಬೇಡವೆಂದೇ ಹೇಳುತ್ತೇನೆ.

ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಹೊಸ ಆಂಟಿಹಿಸ್ಟಮಿನ್‌ಗಳಿಗೆ ವೈರಸ್ ನೆಗಡಿ ಹೆಚ್ಚು ಬಗ್ಗುವುದಿಲ್ಲ, ಅಲರ್ಜಿಯ ಸೀನು–ತುರಿಕೆ ಬಗ್ಗುತ್ತದೆ. ಮೂಗುಕಟ್ಟು ಮುಖ್ಯ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ನೇಸಲ್ ಸ್ಪ್ರೇಯೇ ಮೇಲು. ನೆಗಡಿ ಇಲ್ಲದ ಹೊತ್ತು ನೋಡಿ, ವೈದ್ಯರು ಹೇಳಿದ ಪ್ರಮಾಣದಲ್ಲಿ, ತಪ್ಪದೆ ಎರಡರಿಂದ ನಾಲ್ಕು ವಾರ ಹಾಕಿ ದಿನಚರಿಯ ಅಂಕ ನೋಡಿ. ಬೆಳಗಿನ 2–3 ಇದ್ದದ್ದು 0–1ಕ್ಕೆ ಇಳಿದು ಅಲ್ಲೇ ನಿಂತರೆ ಅಲರ್ಜಿ ಎಂಬುದಕ್ಕೆ ಅದು ಬಲವಾದ ಬೆಂಬಲ.

ಸ್ಪ್ರೇ ಹಾಕಿ ನೋಡಿದೆವು, ಏನೂ ಆಗಲಿಲ್ಲ. ಹಾಗಾದರೆ ಅಲರ್ಜಿ ಅಲ್ಲವೇ?

ಹಾಗೆನ್ನುವ ಮೊದಲು ಎಷ್ಟು ದಿನ ಹಾಕಿದಿರಿ, ಹೇಗೆ ಹಾಕಿದಿರಿ ಎಂದು ನೋಡಬೇಕು. ಸ್ಪ್ರೇ ಮೊದಲ ದಿನವೇ ಮೂಗು ತೆರೆಸುವ ಔಷಧವಲ್ಲ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಮೂಗು ಕಟ್ಟಿದ ದಿನ ಹಾಕಿ, ಬಿಟ್ಟ ದಿನ ನಿಲ್ಲಿಸುವವರಿಗೆ ಅದು ನಾಟುವುದೇ ಇಲ್ಲ.

ಹಾಕುವ ಕ್ರಮವೂ ಮುಖ್ಯ. ಮೊದಲು ಮೂಗು ಸೀಟಿಸಿ. ಬಾಟಲಿ ಅಲುಗಾಡಿಸಿ. ಮಗು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಲಿ, ಹಿಂದಕ್ಕೆ ಅಲ್ಲ. ಬಲಹೊಳ್ಳೆಗೆ ಎಡಗೈಯಿಂದ, ಎಡಹೊಳ್ಳೆಗೆ ಬಲಗೈಯಿಂದ ಹಾಕಿದರೆ ಸ್ಪ್ರೇ ತಾನಾಗಿಯೇ ಹೊರಬದಿಗೆ, ಅಂದರೆ ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಬಿದ್ದರೆ ಔಷಧ ವ್ಯರ್ಥ, ಮೇಲಾಗಿ ಅಲ್ಲಿ ಒಣಗಿ ರಕ್ತ ಒಸರುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ. 'ಕಹಿ ಬಾಯಿಗೆ ಬಂತು' ಎಂದು ಮಗು ಹೇಳಿದರೆ ಹಾಗೇ ಆಗಿದೆ.

ಸ್ಟೀರಾಯ್ಡ್ ಎಂದರೆ ಹೆದರುವವರಿಗೆ: ಮೊಮೆಟಸೋನ್, ಫ್ಲುಟಿಕಸೋನ್ ಮೂಗಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೂ ತಿಂಗಳುಗಟ್ಟಲೆ ಹಾಕುವ ಮಕ್ಕಳ ಎತ್ತರವನ್ನು ವೈದ್ಯರು ಆಗಾಗ ಅಳೆದು ನೋಡುತ್ತಾರೆ, ನೋಡಬೇಕು ಕೂಡ.

ಮೂಗು ತೆರೆಸುವ ಹನಿ ಹಾಕಿದರೆ ಐದು ನಿಮಿಷದಲ್ಲಿ ಆರಾಮ. ಅದನ್ನೇ ಮುಂದುವರಿಸಬಹುದೇ?

ಬೇಡ. ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ರಕ್ತನಾಳಗಳನ್ನು ಬಿಗಿಯಾಗಿಸಿ ಊತ ಇಳಿಸುತ್ತವೆ. ಮೂರರಿಂದ ಐದು ದಿನ ದಾಟಿದರೆ ಹನಿಯ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟು. ಆಗ ನೆಗಡಿಯೂ ಅಲ್ಲದ ಅಲರ್ಜಿಯೂ ಅಲ್ಲದ ಮೂರನೆಯ ಕಾಯಿಲೆ ಸೇರಿಕೊಂಡು ಎಲ್ಲ ಲೆಕ್ಕ ತಪ್ಪುತ್ತದೆ. ಉಪ್ಪುನೀರಿನ ಹನಿ ಅಥವಾ ಸ್ಪ್ರೇಗೆ ಈ ತೊಂದರೆ ಇಲ್ಲ, ಎರಡೂ ಕಾಯಿಲೆಗೆ ಅದು ಆಗಿಬರುತ್ತದೆ.

ಮಾಂಟೆಲುಕಾಸ್ಟ್ ಬೆರೆತ ಮಾತ್ರೆ ಬರೆದುಕೊಟ್ಟಿದ್ದಾರೆ. ಕೊಡಬಹುದೇ?

ಯಾಕೆ ಬರೆದರು ಎಂದು ಕೇಳಿ. ಆಸ್ತಮಾ ಜೊತೆಗಿದ್ದರೆ ಕಾರಣವಿರಬಹುದು. ಬರೀ ಅಲರ್ಜಿ ನೆಗಡಿಗೆ ಅದು ಮೊದಲ ಆಯ್ಕೆಯಲ್ಲ. ಕೆಟ್ಟ ಕನಸು, ಸಿಡಿಮಿಡಿ, ಖಿನ್ನತೆಯಂಥ ಅಡ್ಡಪರಿಣಾಮಗಳ ಕಾರಣ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅದರ ಮೇಲೆ ಅತಿ ಗಂಭೀರ ಮಟ್ಟದ ಎಚ್ಚರಿಕೆ ಹಾಕಿಸಿದ್ದಾರೆ. ಶುರುಮಾಡಿದ ಮೇಲೆ ಮಗುವಿನ ನಡವಳಿಕೆ ಬದಲಾದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಅಲರ್ಜಿ ಎಂದು ಗೊತ್ತಾದರೆ ಶಾಲೆಗೆ ಕಳಿಸಬಹುದೇ?

ಧಾರಾಳವಾಗಿ. ಅಂಟುವುದಿಲ್ಲ. ತರಗತಿಯ ಶಿಕ್ಷಕರಿಗೂ ಹೇಳಿಡಿ.

ರಾತ್ರಿ ಗೊರಕೆ, ಬಾಯಿ ತೆರೆದು ನಿದ್ದೆ. ಇದೂ ಅಲರ್ಜಿಯೇ?

ಇರಬಹುದು, ಆದರೆ ಅಡಿನಾಯ್ಡ್ ದೊಡ್ಡದಾಗಿದ್ದರೂ ಹೀಗೇ ಆಗುತ್ತದೆ. ಅದು ಮೂಗಿನ ಹಿಂಭಾಗದ ಮೃದು ಗಂಟು, ಶಾಲೆಯ ಮೊದಲ ವರ್ಷಗಳಲ್ಲಿ ದೊಡ್ಡದಾಗಿರುವುದು ಸಾಮಾನ್ಯ. ಅಡಿನಾಯ್ಡ್ ಮಗುವಿಗೆ ಮೂಗುಕಟ್ಟು ಹಗಲೂ ರಾತ್ರಿ ಒಂದೇ ಸಮ, ಧ್ವನಿ ಮೂಗಿನಲ್ಲಿ ಹೂತಂತೆ, ಆದರೆ ತುರಿಕೆ ಇಲ್ಲ, ಸೀನಿನ ಸಾಲಿಲ್ಲ. ನಿದ್ದೆಯಲ್ಲಿ ಉಸಿರು ಕೆಲ ಕ್ಷಣ ನಿಂತು, ಮಗು ಏದುಸಿರಿನಿಂದ ಬೆಚ್ಚಿ ಮತ್ತೆ ಶುರುಮಾಡುವುದನ್ನು ಕಂಡರೆ ಫೋನಿನಲ್ಲಿ ವಿಡಿಯೊ ಮಾಡಿ ಇಎನ್‌ಟಿ ವೈದ್ಯರಿಗೆ ತೋರಿಸಿ, ಕಾಯಬೇಡಿ.

ನೆಗಡಿ ಜೊತೆ ರಾತ್ರಿ ಕೆಮ್ಮೂ ಇದೆ.

ಓಡಿದಾಗ, ನಕ್ಕಾಗ, ಬೆಳಗಿನ ಜಾವ ಕೆಮ್ಮು ಬರುತ್ತದೆಯೇ, ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳುತ್ತದೆಯೇ ನೋಡಿ. ಅಲರ್ಜಿ ನೆಗಡಿ ಇರುವ ಮಕ್ಕಳಲ್ಲಿ ಆಸ್ತಮಾ ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮೂಗನ್ನು ಸರಿಪಡಿಸದೆ ಆಸ್ತಮಾ ಹತೋಟಿಗೆ ತರುವುದೂ ಕಷ್ಟ. ಆದ್ದರಿಂದ ಕೆಮ್ಮನ್ನು 'ನೆಗಡಿ ಇಳಿದು ಗಂಟಲಿಗೆ ಬಂದದ್ದು' ಎಂದು ಬಿಡದೆ ವೈದ್ಯರ ಕಿವಿಗೆ ಹಾಕಿ.

ನೆಗಡಿಯೂ ಅಲ್ಲ, ಅಲರ್ಜಿಯೂ ಅಲ್ಲ ಎಂದು ಯಾವಾಗ ಸಂಶಯಪಡಬೇಕು?

ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಮಗು ಮೂಗಿಗೆ ಏನೋ ತುರುಕಿಕೊಂಡಿದೆ ಎಂದೇ ಮೊದಲು ಯೋಚಿಸಿ. ರಬ್ಬರ್ ಚೂರು, ಮಣಿ, ಕಾಳು, ಸ್ಪಂಜು ಸಿಕ್ಕಿದ್ದುಂಟು. ಗುಂಡಿಯಾಕಾರದ ಬ್ಯಾಟರಿ ತುರುಕಿಕೊಂಡ ಸಂಶಯವಿದ್ದರೆ ಅದೇ ಗಂಟೆಗೆ ಆಸ್ಪತ್ರೆಗೆ ಹೋಗಿ, ಅದು ಕೆಲವೇ ಗಂಟೆಗಳಲ್ಲಿ ಮೂಗಿನ ಒಳಭಾಗವನ್ನು ಸುಡುತ್ತದೆ. ಮನೆಯಲ್ಲಿ ಚಿಮುಟ ಹಾಕಿ ತೆಗೆಯಲು ಹೋಗಬೇಡಿ, ಒಳಗೆ ಜಾರುತ್ತದೆ.

ನೆಗಡಿ 10 ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಇಳಿದು ಮತ್ತೆ ಜ್ವರದೊಡನೆ ಏರಿದರೆ, ಅಥವಾ ಶುರುವಿನಿಂದಲೇ 39 ಡಿಗ್ರಿ ಜ್ವರ ಮತ್ತು ಕೀವಿನಂಥ ಸಿಂಬಳ ಮೂರು ದಿನ ಸತತವಾಗಿದ್ದರೆ ಬ್ಯಾಕ್ಟೀರಿಯಾದಿಂದ ಸೈನಸ್ ಸೋಂಕಾಗಿರಬಹುದು. ಆಂಟಿಬಯಾಟಿಕ್‌ಗೆ ಕಾರಣವಿರುವುದು ಇಂಥಲ್ಲಿ. ಕಣ್ಣಿನ ಸುತ್ತ ಊತ, ಕಣ್ಣು ಹೊರಬಂದಂತೆ ಕಾಣುವುದು, ಜೋರು ತಲೆನೋವಿನೊಡನೆ ವಾಂತಿ ಇದ್ದರೆ ಅದೇ ದಿನ ಆಸ್ಪತ್ರೆ.

ತಲೆಗೆ ಪೆಟ್ಟು ಬಿದ್ದ ಮೇಲೆ ಒಂದೇ ಹೊಳ್ಳೆಯಿಂದ, ಬಾಗಿದಾಗ ಹೆಚ್ಚಾಗುವಂತೆ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಅದು ಮೆದುಳಿನ ಸುತ್ತಲ ದ್ರವವಾಗಿರಬಹುದು. ಒರೆಸಿ ಸುಮ್ಮನಾಗದೆ, ಮೂಗು ಸೀಟಿಸಲು ಬಿಡದೆ, ತಡಮಾಡದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.